ಮೂರನೆಯ ವಿಷಯ

ಎಂ.ಎ. ಕೊನೆಯ ಸೆಮಿಸ್ಟರಿಗೆ ಬಂದವರೆಲ್ಲ ಪ್ರಾಜೆಕ್ಟಿಗಿಂತ ಮೊದಲು ಒಂದು ಪತ್ರ ಬರೆಯಬೇಕಿತ್ತು. ನಮ್ಮ ಬೀದರಿನ ಸಮಾಜಶಾಸ್ತ್ರ ವಿಭಾಗದಲ್ಲಿ ಅದೊಂದು ಪದ್ಧತಿ. ಗೈಡ್ ಆದ ಮೇಡಂ ಹೆಸರಿಗೆ ಪತ್ರ, ಅದರಲ್ಲಿ ಮೂರು ವಿಷಯ, ಒಂದೊಂದರ ಕೆಳಗೂ ಯಾಕೆ ಈ ವಿಷಯ, ಎಲ್ಲಿ ಹೋಗುತ್ತೀರಿ, ಯಾರನ್ನು ಮಾತಾಡಿಸುತ್ತೀರಿ ಎಂದು ನಾಲ್ಕು ಸಾಲು. ಕೊನೆಗೆ, ಈ ಮೂರರಲ್ಲಿ ಯಾವುದು ಸೂಕ್ತವೆಂದು ತಾವು ಮಾರ್ಗದರ್ಶನ ಮಾಡಬೇಕಾಗಿ ವಿನಂತಿ. ಮೇಡಂ ಓದಿ ಒಂದರ ಮುಂದೆ ಕೆಂಪು ಪೆನ್ನಿನಲ್ಲಿ ಗುರುತು ಹಾಕುತ್ತಿದ್ದರು. ಗುರುತು ಬಿದ್ದರೆ ಆ ವಿಷಯ ನಮ್ಮದು. ಒಬ್ಬರಿಗೆ ಕೊಟ್ಟದ್ದನ್ನು ಆ ವರ್ಷ ಇನ್ನೊಬ್ಬರಿಗೆ ಕೊಡುವಂತಿರಲಿಲ್ಲ.

ಮೊಬೈಲಿನಲ್ಲಿ ಟೈಪು ಮಾಡಿ ಕಳಿಸಿದರೆ ಮೇಡಂ ತೆರೆದೂ ನೋಡುತ್ತಿರಲಿಲ್ಲ. "ಕೈಲೆ ಬರೀರಿ ಬೇಟಾ. ಕೈಲೆ ಬರಿಯುವಾಗ ಸುಳ್ಳು ಹೇಳಾಕ ಜರಾ ತ್ರಾಸ ಆಗ್ತದ" ಎನ್ನುತ್ತಿದ್ದರು. ಬೀದರಿನ ಹಳೇ ಊರಿನ ಮನೆತನ ಅವರದು. ಮನೆಯಲ್ಲಿ ದಖನಿ ಉರ್ದು, ತರಗತಿಯಲ್ಲಿ ಬೀದರಿನ ಅಚ್ಚ ಕನ್ನಡ. ಆದರೆ ಸಿಟ್ಟು ಬಂದಾಗಲೂ ಮುದ್ದು ಬಂದಾಗಲೂ ನಾವೆಲ್ಲ ಬೇಟಾಗಳೇ. ನನ್ನ ಮಟ್ಟಿಗೆ ಹೇಳುವುದಾದರೆ, ಕೈಯಲ್ಲಿ ಬರೆಯುವಾಗಲೂ ನನಗೆ ಏನೂ ತ್ರಾಸವಾಗಲಿಲ್ಲ.

ಹಿಂದಿನ ವರ್ಷದವರು ನಮಗೆ ಒಂದು ಉಪಾಯ ಹೇಳಿಕೊಟ್ಟು ಹೋಗಿದ್ದರು. ನಿಮಗೆ ಬೇಕಾದದ್ದನ್ನು ಮೊದಲು ಬರೆಯಿರಿ. ಎರಡನೆಯದನ್ನು ಆನೆಯಷ್ಟು ದೊಡ್ಡದಾಗಿ ಬರೆಯಿರಿ, ಇದು ನಿನ್ನ ಕೈಲಾಗದು ಎಂದು ಮೇಡಂ ತಾವೇ ಹೊಡೆದುಹಾಕುತ್ತಾರೆ. ಮೂರನೆಯದು ಬರೀ ಭರ್ತಿಗೆ, ಏನಾದರೂ ಹಾಕಿ. ಈ ಉಪಾಯ ವಿಭಾಗದಲ್ಲಿ ವರ್ಷದಿಂದ ವರ್ಷಕ್ಕೆ ಇಳಿದು ಬಂದಿತ್ತು. ನೋಟ್ಸಿಗಿಂತ ಹೆಚ್ಚು ಜೋಪಾನವಾಗಿ ಅದನ್ನು ಕೈಯಿಂದ ಕೈಗೆ ದಾಟಿಸುತ್ತಿದ್ದರು.

ನನಗೆ ಬೇಕಾದದ್ದು ಭಾಲ್ಕಿಯಿಂದ ಬೀದರಿಗೆ ದಿನಾ ರೈಲಿನಲ್ಲಿ ಓಡಾಡುವ ಹುಡುಗಿಯರ ಬಗ್ಗೆ ಬರೆಯುವುದು. ದೊಡ್ಡ ಆದರ್ಶವೇನೂ ಇರಲಿಲ್ಲ. ನಾನೇ ಭಾಲ್ಕಿಯವಳು, ನಾನೇ ದಿನಾ ಆ ರೈಲಿನಲ್ಲಿ ಬರುವವಳು. ಕೂತಲ್ಲೇ ಪಕ್ಕದವಳನ್ನು ನಾಲ್ಕು ಪ್ರಶ್ನೆ ಕೇಳಿದರೆ ಕೆಲಸ ಮುಗಿಯುತ್ತದೆ ಎನ್ನುವ ಸೋಮಾರಿ ಲೆಕ್ಕ. ಎರಡನೆಯದಕ್ಕೆ ಬೀದರಿನ ಧಾನ್ಯದ ಪೇಟೆ ಗಾಂಧಿ ಗಂಜದ ಹಮಾಲರು, ದಲಾಲರು, ಲಾರಿಯವರು, ಕೈಗಾಡಿಯವರು ಎಲ್ಲರನ್ನೂ ಒಟ್ಟಿಗೆ ತುಂಬಿದೆ. ಆನೆ ತಯಾರಾಯಿತು. ಮೂರನೆಯದಕ್ಕೆ ಬಂದಾಗ ತಲೆ ಖಾಲಿ. ಪೆನ್ನು ಕಚ್ಚುತ್ತಾ ಕೂತೆ. ಆಗ ನನ್ನ ಗೆಳತಿಯ ಮಾತು ನೆನಪಾಯಿತು.

ಆಕೆ ಔರಾದಿನವಳು. ದಿನಾ ಬಸ್ಸಿನಲ್ಲಿ ಬರುತ್ತಿದ್ದಳು. ನಾನು ರೈಲು, ಆಕೆ ಬಸ್ಸು, ಮಧ್ಯಾಹ್ನ ಇಬ್ಬರೂ ವಿಭಾಗದ ಹಿಂದಿನ ಬೇವಿನ ಗಿಡದ ಕೆಳಗೆ ಕೂತು ಡಬ್ಬಿ ಬಿಚ್ಚುತ್ತಿದ್ದೆವು. ಆಕೆಯ ತಂದೆಯ ಮನೆಮಾತು ಕನ್ನಡ. ತಾಯಿ ಗಡಿಯಾಚೆಯಿಂದ ಸೊಸೆಯಾಗಿ ಬಂದ ಮರಾಠಿ ಹೆಂಗಸು. ಅದಕ್ಕೇ ಆಕೆ ತಾಯಿಯನ್ನು ಮರಾಠಿಯವರಂತೆ ಆಯಿ ಎನ್ನುತ್ತಿದ್ದಳು. ಹಿಂದಿನ ವಾರವಷ್ಟೇ ಡಬ್ಬಿಯಲ್ಲಿನ ಶೇಂಗಾ ಹಿಂಡಿ, ಅದೇ ಚಟ್ನಿಪುಡಿ, ನನ್ನ ರೊಟ್ಟಿಗೆ ಹಾಕುತ್ತಾ ಆಕೆ ಹೇಳಿದ್ದಳು.

"ನಮ್ ಔರಾದ್ ಕಡಿ ಅರ್ಧ ಮನಿ ಸೊಸೆಂದಿರು ಆ ಕಡಿಯಿಂದ ಬಂದವರು. ಬಂದಾಗ ಒಂದು ಅಕ್ಷರ ಕನ್ನಡ ಬರ್ತಿರ್ಲಿಲ್ಲ. ಅಡಗಿ ಮನ್ಯಾಗ ಅತ್ತಿ ಬೈಯೋದು ಕೇಳಿ ಕೇಳಿ ಕಲ್ತಾರ. ಆಮ್ಯಾಲ ಮಕ್ಕಳ ಪುಸ್ತಕ ನೋಡಿ ಓದಾಕ ಕಲ್ತಾರ. ನಮ್ ಆಯಿನೂ ಹಂಗೇ. ಅವರನ್ನ ಯಾರೂ ಒಮ್ಮೆನೂ ಕೇಳಿಲ್ಲ ನೋಡು, ಹ್ಯಾಂಗ ಕಲ್ತ್ರಿ, ಏನ್ ಅನಸ್ತಿತ್ತು ಅಂತ. ನಾ ಅದನ್ನೇ ಮಾಡ್ತೇನಿ."

ನಾನು ರೊಟ್ಟಿ ತಿನ್ನುತ್ತಾ "ಛಲೋ ಅದ" ಅಂದಿದ್ದೆ. ಅಷ್ಟೇ. ಪತ್ರ ಬರೆಯುವಾಗ ಅದನ್ನು ಹಾಗೆಯೇ ಎತ್ತಿ ಮೂರನೆಯ ಜಾಗಕ್ಕೆ ಹಾಕಿದೆ. ಗಡಿ ಮನೆಗಳ ಸೊಸೆಯರು ಕನ್ನಡ ಕಲಿತ ಬಗೆ. ಅಡುಗೆ ಮನೆ, ಅತ್ತೆ, ಮಕ್ಕಳ ಪುಸ್ತಕ, ಎಲ್ಲವನ್ನೂ ಆಕೆ ಹೇಳಿದ ಕ್ರಮದಲ್ಲೇ ಬರೆದೆ. ಮೇಡಂ ಅದನ್ನು ಆರಿಸುವುದಿಲ್ಲ ಎಂಬ ಧೈರ್ಯ. ಭಾಲ್ಕಿಯವಳಿಗೆ ಔರಾದಿನ ವಿಷಯ ಯಾರು ಕೊಡುತ್ತಾರೆ? ಮೊದಲ ದಿನವೇ ಪತ್ರ ಒಯ್ದು ಕೊಟ್ಟೆ. ಒಂದು ಕೆಲಸ ತಲೆಯಿಂದ ಇಳಿಯಿತೆಂದು ಹಗುರಾಗಿ ರೈಲು ಹತ್ತಿದೆ.

ಗೆಳತಿ ಮಾತ್ರ ಕೊಟ್ಟಿರಲಿಲ್ಲ. ಆಕೆಗೆ ಮೂರೂ ವಿಷಯ ಖರೇ ಆಗಿರಬೇಕಂತೆ. ಔರಾದಿನ ಸಂತೆಗೆ ಹೋಗಿ ಕಾಯಿಪಲ್ಯೆ ಮಾರುವ ಹೆಂಗಸರನ್ನು ಮಾತಾಡಿಸಿ ಬಂದಿದ್ದಳು, ಎರಡನೆಯ ವಿಷಯಕ್ಕೆ. "ಮೂರನೇದಕ್ಕ ಇನ್ನೂ ಒಬ್ಬರಿಗಿ ಕೇಳೋದದ, ಶನಿವಾರ ಕೊಡ್ತೇನಿ" ಅಂದಳು. ಭರ್ತಿಗೆ ಏನಾದರೂ ಹಾಕು ಎಂದರೆ ಹಿಡಿಸಲಿಲ್ಲ. "ಮೇಡಂ ಮೂರು ಕೇಳ್ಯಾರ. ಮೂರು ಕೊಡಬೇಕಲ್ಲ?" ಎಂದಳು. ನಾನು ನಕ್ಕೆ.

ಗುರುವಾರ ಮೇಡಂ ತರಗತಿಯಲ್ಲೇ ನನ್ನ ಪತ್ರ ಎತ್ತಿ ಹಿಡಿದರು. ಆ ದಿನ ಗೆಳತಿ ಬಂದಿರಲಿಲ್ಲ. ಬಂದಿದ್ದರೆ ಈ ಬರಹವೇ ಇರುತ್ತಿರಲಿಲ್ಲ.

"ಇದನ್ನ ನೋಡ್ರಿ. ವಿಷಯ ಅಂದ್ರ ಹಿಂಗಿರಬೇಕು. ದೊಡ್ಡ ದೊಡ್ಡ ಮಾತಿಲ್ಲ. ಒಂದು ಅಡಗಿ ಮನಿ, ಒಬ್ಬಾಕಿ ಹೆಣ್ಮಗಳು, ಒಂದು ಭಾಷಾ." ನನ್ನ ಕಡೆ ತಿರುಗಿದರು. "ಹ್ಯಾಂಗ ಹೊಳೀತು ಬೇಟಾ ನಿನಗ ಇದು?"

ನನ್ನನ್ನು ಯಾವ ತರಗತಿಯಲ್ಲೂ ಯಾರೂ ಹಾಗೆ ಎತ್ತಿ ಹಿಡಿದಿರಲಿಲ್ಲ. ಶಾಲೆಯಲ್ಲಿ ನಾನು ಪಾಸಾಗುವವರ ಪೈಕಿ, ಕಾಲೇಜಿನಲ್ಲಿಯೂ ಅದೇ ಪೈಕಿ. ಎಲ್ಲರೂ ತಿರುಗಿ ನನ್ನನ್ನೇ ನೋಡುತ್ತಿದ್ದರು. ಇದು ನನ್ನದಲ್ಲರಿ ಮೇಡಂ ಎಂದು ಹೇಳುವುದಕ್ಕೆ ಬೇಕಾದಷ್ಟು ಸಮಯವಿತ್ತು. ಬಾಯಿಂದ ಬಂದದ್ದು ಬೇರೆ.

"ಹಿಂಗೇ ರೈಲಿನ್ಯಾಗ ಕುಂತಾಗ ಹೊಳೀತ್ರಿ ಮೇಡಂ."

ಕೆಂಪು ಗುರುತು ಮೂರನೆಯದರ ಮುಂದೆ ಬಿದ್ದಿತ್ತು. ತಮ್ಮ ಮನೆಯಲ್ಲೂ ಹೈದರಾಬಾದಿನಿಂದ ಸೊಸೆ ಬಂದಿದ್ದಾಳೆ, ಆಕೆಯೂ ಹಾಲಿನವನ ಜೊತೆ ಜಗಳವಾಡುತ್ತಾ ಕನ್ನಡ ಕಲಿಯುತ್ತಿದ್ದಾಳೆ ಎಂದು ಮೇಡಂ ಹೇಳುತ್ತಿದ್ದರು. ಎಲ್ಲರೂ ನಕ್ಕರು. ನಾನೂ ನಕ್ಕೆ. ಸುಳ್ಳು ಹೇಳಿದ ಅಳುಕಿತ್ತು, ಹೊಗಳಿಸಿಕೊಂಡ ಖುಷಿಯೂ ಇತ್ತು. ಎರಡನ್ನೂ ಕಟ್ಟಿಕೊಂಡು ಮನೆಗೆ ಹೋದೆ.

ಶನಿವಾರ ಗೆಳತಿ ತನ್ನ ಪತ್ರ ಕೊಟ್ಟಳು. ನಾನು ಗ್ರಂಥಾಲಯದಲ್ಲಿ ಯಾವುದೋ ಪುಸ್ತಕ ಮುಂದಿಟ್ಟುಕೊಂಡು ಒಂದೇ ಪುಟ ನೋಡುತ್ತಾ ಕೂತಿದ್ದೆ. ಆಕೆ ಬಂದು ಎದುರಿನ ಕುರ್ಚಿಯಲ್ಲಿ ಕೂತಳು. ಮುಖದಲ್ಲಿ ಸಿಟ್ಟಿರಲಿಲ್ಲ. ಇದ್ದಿದ್ದರೆ ನನಗೆ ಸುಲಭವಾಗುತ್ತಿತ್ತು.

"ನನ್ನ ಮೊದಲನೇದು ಆಗಲೇ ಒಬ್ಬರಿಗಿ ಕೊಟ್ಟಾರಂತ. ನಿಂಗಂತ."

"ನಾ ಬರೀ ಭರ್ತಿಗಿ ಹಾಕಿದ್ದೆ. ಮೇಡಂ ಅದನ್ನೇ ಹಿಡಕೊಂಡ್ರು, ನಾ ಏನ್ ಮಾಡ್ಲಿ?"

"ಭರ್ತಿಗಿ ಹಾಕಿದ್ರ, ಬ್ಯಾರೇದು ಕೊಡ್ರಿ ಅಂತ ಕೇಳಬಹುದಿತ್ತಲ್ಲ."

ಇಷ್ಟು ಸರಿಯಾದ ಮಾತು ಕೇಳಿದಾಗ ನನ್ನಂಥವರು ಮಾಡುವುದು ಒಂದೇ ಕೆಲಸ. ಮೈಮೇಲೆ ಹೋಗುವುದು.

"ವಿಷಯ ಅಂದ್ರ ನಿಮ್ಮಪ್ಪನ ಹೊಲ ಏನು? ಔರಾದಿನ್ಯಾಗ ಮರಾಠಿ ಸೊಸೆಂದಿರು ನಿಮ್ ಮನ್ಯಾಗಷ್ಟೇ ಅದಾರೇನು?"

"ಇಲ್ಲ. ಭಾಳ ಮನ್ಯಾಗ ಅದಾರ" ಎಂದು ಎದ್ದು ಹೋದಳು. ಮೇಡಂ ಆಕೆಗೆ ಸಂತೆಯ ಹೆಂಗಸರ ವಿಷಯ ಕೊಟ್ಟಿದ್ದರು. ಸೋಮವಾರ ನೋಟಿಸ್ ಬೋರ್ಡಿನಲ್ಲಿ ಪಟ್ಟಿ ಬಂತು. ನನ್ನ ಹೆಸರಿನ ಮುಂದೆ ಆಕೆಯ ಮಾತು. ಆಕೆ ಅದನ್ನು ಓದಿ, ಮಧ್ಯಾಹ್ನ ಎಂದಿನಂತೆ ಬೇವಿನ ಗಿಡದ ಕೆಳಗೆ ಬಂದು ಡಬ್ಬಿ ಬಿಚ್ಚಿದಳು. ನನ್ನ ರೊಟ್ಟಿಗೆ ಹಿಂಡಿಯನ್ನೂ ಹಾಕಿದಳು. ನಾನು ಅದನ್ನು ತಿಂದೆ.

ನಾವು ಮೆಥಡಿಸ್ಟ್ ಮನೆಯವರು. ಭಾನುವಾರ ಚರ್ಚಿನಲ್ಲಿ ಕಣ್ಣು ಮುಚ್ಚಿ ವಾರದ ತಪ್ಪುಗಳನ್ನು ನೆನೆದುಕೊಳ್ಳಿ ಎಂದು ಪಾಸ್ಟರ್ ಹೇಳಿದಾಗ ನಾನು ಸಾಮಾನ್ಯವಾಗಿ ಮಧ್ಯಾಹ್ನದ ಅಡುಗೆ ನೆನೆಯುವವಳು. ಪಟ್ಟಿ ಬಂದ ವಾರದ ಭಾನುವಾರ ತಪ್ಪನ್ನೇ ನೆನೆದೆ. ನೆನೆದು, ಕ್ಷಮಿಸು ಎಂದು ದೇವರಿಗೆ ಹೇಳಿ ಹಗುರಾಗಿಬಿಟ್ಟೆ. ಕೇಳಬೇಕಾದದ್ದು ಬೇರೆಯವರನ್ನು ಎಂಬುದು ಗೊತ್ತಿತ್ತು. ಆದರೆ ದೇವರು ಎದುರು ಕೂತು ಡಬ್ಬಿ ಬಿಚ್ಚುವುದಿಲ್ಲ, ಅದೇ ಅನುಕೂಲ.

ನಾಚಿಕೆಗೇಡಿತನ ಅಲ್ಲಿಗೇ ಮುಗಿಯಲಿಲ್ಲ. ಸಿನಾಪ್ಸಿಸ್ ಎಂಬ ನಾಲ್ಕು ಪುಟದ ಸಾರಾಂಶ ಬರೆಯುವ ಮೊದಲು ಒಂದೆರಡು ಮನೆಗೆ ಹೋಗಿ ಮಾತಾಡಿಸಿ ಬರಬೇಕೆಂದು ಮೇಡಂ ಹೇಳಿದರು. ಔರಾದಿನಲ್ಲಿ ನನಗೆ ಗುರುತಿದ್ದ ಮನೆ ಒಂದೇ. ಎರಡು ದಿನ ಹಿಂದೆಮುಂದೆ ನೋಡಿ ಕೊನೆಗೆ ಗೆಳತಿಯನ್ನೇ ಕೇಳಿದೆ. ಉಗಿಯುತ್ತಾಳೆ ಎಂದುಕೊಂಡಿದ್ದೆ.

"ಶನಿವಾರ ಬಾ. ಆಯಿಗಿ ಹೇಳಿಡ್ತೇನಿ" ಎಂದಳು.

ಔರಾದಿನಲ್ಲಿ ಬಸ್ಸಿಳಿದಾಗ ಆಕೆ ನಿಲ್ದಾಣಕ್ಕೇ ಬಂದಿದ್ದಳು. ಮನೆಗೆ ಹೋದರೆ ಆಕೆಯ ತಾಯಿ ಮದುವೆಗೆ ಹೊರಟವರಂತೆ ಒಳ್ಳೆಯ ಸೀರೆ ಉಟ್ಟು, ತಲೆಯ ಮೇಲೆ ಸೆರಗು ಹೊದ್ದು ಬಾಗಿಲಲ್ಲಿ ನಿಂತಿದ್ದರು. ಪಡಸಾಲೆಯಲ್ಲಿ ಹೊಸ ಚಾದರ ಹಾಸಿತ್ತು. ಯಾವ ಸಂಬೋಧನೆ ಬಳಸಲಿ ಎಂದು ನಾನು ತೊದಲುತ್ತಿದ್ದಾಗ "ಮಾವಶಿ ಅನ್ನು ಬಾಯಿ, ಅವ್ವನ ತಂಗಿ ಇದ್ದಂಗ" ಎಂದು ಕೈಹಿಡಿದು ಕೂರಿಸಿದರು. ಬಾಯಿ ಎಂಬುದು ಮರಾಠಿಯವರು ಹೆಣ್ಣುಮಕ್ಕಳನ್ನು ಕರೆಯುವ ಮಾತು.

"ಇಬ್ಬರೂ ಕೂಡಿ ಈ ಕೆಲಸ ಮಾಡ್ಲತ್ತೀರಂತ. ಭಾಳ ಛಲೋ ಆತು. ನಮ್ಮಾಕಿಗಿ ಒಬ್ಬಾಕಿಗೇ ಆಗ್ತಿರ್ಲಿಲ್ಲ."

ನಾನು ಗೆಳತಿಯ ಮುಖ ನೋಡಿದೆ. ಆಕೆ ನೋಟ ತಪ್ಪಿಸಿ, "ನಾ ಇದ್ರ ಆಯಿ ನಾಚ್ತಾಳ. ನಾ ಸಂತಿಗಿ ಹೋಗಿ ನನ್ನ ಕೆಲಸ ಮಾಡ್ಕೊಂಡು ಬರ್ತೇನಿ" ಎಂದು ಚೀಲ ಹಿಡಿದು ಹೊರಟಳು. ತಾಯಿಯೆದುರು ನನ್ನ ಮಾನ ಕಾದಿದ್ದಳು. ತನ್ನ ವಿಷಯ ಹೋಯಿತೆಂದು ಮನೆಯಲ್ಲಿ ಹೇಳಿಯೇ ಇರಲಿಲ್ಲ. ಆಗಲಾದರೂ ಎದ್ದು ಹೋಗಬೇಕಿತ್ತು. ನಾನು ಫೋನ್ ತೆಗೆದು ರೆಕಾರ್ಡ್ ಒತ್ತಿ ಇಬ್ಬರ ನಡುವೆ ಇಟ್ಟೆ.

ಮಾವಶಿ ಮೊದಮೊದಲು ಬಾಯಿಪಾಠ ಒಪ್ಪಿಸುವವರಂತೆ ಮಾತಾಡಿದರು. ಆಮೇಲೆ ಸಡಿಲಾದರು. ಬಂದ ಹೊಸದರಲ್ಲಿ ಅತ್ತೆ ಬೆರಳು ಮಾಡಿ ತೋರಿಸಿದ್ದನ್ನು ತಂದುಕೊಡುವುದೇ ಕೆಲಸವಂತೆ. ಬೆರಳು ಸರಿಯಾಗಿ ತೋರಿಸದ ದಿನ ಪಲ್ಯೆಗೆ ಉಪ್ಪಿನ ಬದಲು ಸೋಡಾ ಹೋಗಿ ಇಡೀ ಮನೆ ಉಪವಾಸ ಬಿದ್ದಿತ್ತಂತೆ. ಸಿಟ್ಟು ಬಂದರೆ ಬೈಯಲು ಕನ್ನಡ ಬರುತ್ತಿರಲಿಲ್ಲ, ಮರಾಠಿಯಲ್ಲಿ ಬೈದರೆ ಯಾರಿಗೂ ತಿಳಿಯುತ್ತಿರಲಿಲ್ಲ. "ಅದರಾಗ ಸುಖ ಇತ್ತು, ಬಾಯಿ ತುಂಬ ಬೈತಿದ್ದೆ, ಅತ್ತಿ ನನ್ನ ಹೊಗಳ್ಲತ್ತಾಳ ಅಂತ ತಿಳಕೊಂಡು ನಗ್ತಿದ್ದಳು" ಎಂದು ತಾವೂ ನಕ್ಕರು. ಮಗಳು ಒಂದನೆಯ ತರಗತಿಗೆ ಹೋದಾಗ ಆಕೆಯ ಪುಸ್ತಕವನ್ನು ರಾತ್ರಿ ತಾವು ಓದಿಕೊಂಡರು. ಮಗಳು ಬರೆದಳೆಂದರೆ ತಾವೂ ಪಾಟಿಯ ಮೇಲೆ ಬರೆದರು. "ಆಕಿ ಮುಂದ ಮುಂದ, ನಾ ಹಿಂದ ಹಿಂದ. ನಾಲ್ಕನೇತ್ತದ ತನಕ ಇಬ್ಬರೂ ಕೂಡಿ ಕಲ್ತೇವಿ."

"ನಾಲ್ಕನೇತ್ತ ಆದ ಮ್ಯಾಲ?" ಎಂದು ಕೇಳಿದೆ.

ಮಾವಶಿ ಫೋನಿನ ಕಡೆ ನೋಡಿದರು. "ಅದನ್ನ ಬಂದ್ ಮಾಡು ಬಾಯಿ."

ಬಂದ್ ಮಾಡಿದೆ. ಆಮೇಲೆ ಅವರು ಹೇಳಿದ್ದು ಇಷ್ಟು. ನಾಲ್ಕನೆಯ ತರಗತಿಯಲ್ಲಿ ತಾಯಂದಿರನ್ನು ಶಾಲೆಗೆ ಕರೆದಿದ್ದರು. ಇವರು ಉತ್ಸಾಹದಿಂದ ಹೋದರು, ಏನು ಮಾತಾಡಬೇಕೆಂದು ದಾರಿಯುದ್ದಕ್ಕೂ ತಮ್ಮಷ್ಟಕ್ಕೆ ಹೇಳಿಕೊಳ್ಳುತ್ತಾ. ಮಗಳ ಬಗ್ಗೆ ಎರಡು ಮಾತು ಹೇಳಿರೆಂದಾಗ ಎದ್ದು ನಿಂತು ಕನ್ನಡದಲ್ಲೇ ಹೇಳಿದರು. ಮರಾಠಿ ಎಳೆತಕ್ಕೆ ಮಕ್ಕಳೆಲ್ಲ ಗೊಳ್ಳೆಂದು ನಕ್ಕರು, ಕೆಲವು ತಾಯಂದಿರೂ ನಕ್ಕರು. ಮನೆಗೆ ಬರುವಾಗ ಮಗಳು ನಾಲ್ಕು ಹೆಜ್ಜೆ ಮುಂದೆ ನಡೆದಳು. ಓಣಿ ಬಂದಾಗ ತಿರುಗಿ ಹೇಳಿದಳು. ಇನ್ನು ಮುಂದೆ ಅಪ್ಪನನ್ನು ಕಳಿಸು, ನೀನು ಬರಬೇಡ.

"ಅಂದಿನಿಂದ ನಾ ಆಕಿ ಸಾಲಿಗಿ ಹೋಗಿಲ್ಲ ಬಾಯಿ. ಹೈಸ್ಕೂಲಿಗಿ ಹೋಗಿಲ್ಲ, ಕಾಲೇಜಿಗಿ ಹೋಗಿಲ್ಲ. ನಿಮ್ಮಲ್ಲಿ ಅಡ್ಮಿಶನ್ ಮಾಡ್ಸೋ ದಿನ ಬೀದರಿಗಿ ಬಂದಿದ್ದೆ. ಅಪ್ಪ ಮಗಳು ಇಬ್ಬರೂ ನಿಮ್ಮಲ್ಲಿಗಿ ಹೋದ್ರು, ನಾ ಬಸ್ ಸ್ಟ್ಯಾಂಡಿನ್ಯಾಗೇ ಕುಂತಿದ್ದೆ." ಇಷ್ಟನ್ನೂ ಅವರು ನಗುನಗುತ್ತಲೇ ಹೇಳಿದರು, ಸೋಡಾ ಬಿದ್ದ ಪಲ್ಯೆಯ ಕತೆ ಹೇಳಿದ ಹಾಗೆಯೇ. ಕೊನೆಗೆ ನನ್ನ ಕೈ ಹಿಡಿದರು. "ಆಕಿಗಿ ಹೇಳಬ್ಯಾಡ. ಸಣ್ಣಾಕಿ ಇದ್ದಳು, ಮರತಿರ್ತಾಳ. ಸುಮ್ನ ಯಾಕ ನೆನಪು ಮಾಡೋದು?"

ಹೇಳುವುದಿಲ್ಲ ಎಂದೆ. ಅಷ್ಟರಲ್ಲಿ ಗೆಳತಿ ಸಂತೆಯಿಂದ ಮೆಂತ್ಯೆಪಲ್ಯೆ ಹಿಡಿದು ಬಂದಳು. "ಮುಗೀತೇನು? ಆಯಿ ಛಲೋ ಹೇಳಿದಳಾ?" ಎಂದು ಕೇಳುವಾಗ ಆಕೆಯ ದನಿಯಲ್ಲಿ ಏನೋ ಇತ್ತು. ಹಸಿದವರು ಇನ್ನೊಬ್ಬರನ್ನು ಊಟ ಆಯಿತಾ ಎಂದು ಕೇಳುವ ದನಿ. ನನಗೆ ಅಲ್ಲಿ ಕೂರಲಾಗಲಿಲ್ಲ. ಮಾವಶಿ ಊಟಕ್ಕೆ ಎಷ್ಟು ಒತ್ತಾಯಿಸಿದರೂ ರೈಲು ತಪ್ಪುತ್ತದೆಂದು ಸುಳ್ಳು ಹೇಳಿ ಹೊರಟೆ.

ಆ ದಿನ ಮನೆಗೆ ಬಂದು ಮೇಡಂಗೆ ಎರಡನೆಯ ಪತ್ರ ಬರೆದೆ. ಇದು ನನ್ನ ವಿಷಯವಲ್ಲ, ನನ್ನ ಗೆಳತಿ ಬೇವಿನ ಗಿಡದ ಕೆಳಗೆ ಹೇಳಿದ್ದನ್ನು ಭರ್ತಿಗೆಂದು ಹಾಕಿದೆ, ತಾವು ಕೇಳಿದಾಗ ಸುಳ್ಳು ಹೇಳಿದೆ, ವಿಷಯವನ್ನು ಆಕೆಗೆ ಕೊಡಬೇಕಾಗಿ ವಿನಂತಿ. ಈ ಸಲ ನಾಲ್ಕೇ ಸಾಲು. ಬರೆದು ಮುಗಿಸಲು ಮೂರು ವಿಷಯದ ಪತ್ರಕ್ಕಿಂತ ಹೆಚ್ಚು ಹೊತ್ತು ಹಿಡಿಯಿತು.

ಸೋಮವಾರ ಮೇಡಂ ತಮ್ಮ ಕೋಣೆಯಲ್ಲಿ ಅದನ್ನು ಓದಿ ಮೇಜಿನ ಮೇಲೆ ಇಟ್ಟರು. ಬೈಯಲಿಲ್ಲ.

"ಎರಡೂ ಪತ್ರ ನೋಡಿದಾಗೇ ನನಗ ಸಂಶಯ ಬಂತು. ಇಬ್ಬರಿಗೂ ಒಂದೇ ಮಾತು ಹೊಳಿಯೋದಿಲ್ಲ. ಯಾರದು ಅಂತ ತಿಳೀಲಿಲ್ಲ. ನಾನೂ ಕರದು ಕೇಳಬೇಕಿತ್ತು, ಕೇಳಲಿಲ್ಲ. ನಿಮ್ಮಿಬ್ಬರಾಗ ಯಾರಾದ್ರೂ ಬರ್ತೀರಿ ಅಂತ ಕಾಯ್ದೆ."

"ತಪ್ಪಾತ್ರಿ ಮೇಡಂ."

"ಮೂರು ವಿಷಯ ಯಾಕ ಕೇಳ್ತೀವಿ ಗೊತ್ತದೇನು ಬೇಟಾ? ಮೊದಲನೇದು ಎಲ್ಲಾರೂ ತಯಾರ ಮಾಡ್ಕೊಂಡೇ ಬರ್ತಾರ. ಮೂರನೇದಕ್ಕ ಬಂದಾಗ ಮನಷ್ಯಾ ಖರೇ ಯೋಚನಿ ಮಾಡಬೇಕಾಗ್ತದ. ಅದಕ್ಕೇ ನಾ ಮೂರನೇದನ್ನೇ ಮೊದಲು ಓದ್ತೇನಿ." ಹಿಂದಿನ ವರ್ಷದವರ ಉಪಾಯದ ಬಗ್ಗೆ ಮೇಡಂಗೆ ಗೊತ್ತಿತ್ತೋ ಇಲ್ಲವೋ, ನಾನು ಬಾಯಿಬಿಡಲಿಲ್ಲ. "ಸಿನಾಪ್ಸಿಸ್ ಇನ್ನೂ ಹೋಗಿಲ್ಲ, ಬದಲ್ ಮಾಡಬಹುದು. ಇಬ್ಬರೂ ಬರದು ಕೊಡ್ರಿ, ಮುಖ್ಯಸ್ಥರ ಸಹಿ ನಾ ಮಾಡಸ್ತೇನಿ. ನೀ ನಿನ್ನ ರೈಲು ತಗೋ. ಕೂತಲ್ಲೇ ಮಾಡೋದಲ್ಲ ಮತ್ತ, ಓದು ಬಿಟ್ಟು ಮನ್ಯಾಗ ಕೂತ ಹುಡುಗ್ಯಾರನ್ನೂ ಹುಡುಕಿ ಮಾತಾಡ್ಸಬೇಕು." ಆಮೇಲೆ ಕೇಳಿದರು. "ಎಷ್ಟು ಮನಿ ನೋಡಿದಿ ಔರಾದಿನ್ಯಾಗ?"

"ಒಂದೇ ರಿ."

"ಯಾರ ಮನಿ?"

"ಆಕಿ ಮನೀನೇ ರಿ. ಆಕಿ ಅವ್ವನ್ನ ಮಾತಾಡ್ಸೀನಿ."

ಮೇಡಂ ಕನ್ನಡಕ ತೆಗೆದು ಮೇಜಿನ ಮೇಲಿಟ್ಟರು. ಹೂಂ ಎಂದಷ್ಟೇ ಅಂದರು. ಆ ಹೂಂ ನನಗೆ ಅರ್ಥವಾಗಲಿಲ್ಲ. ನಾನು ತಪ್ಪು ಒಪ್ಪಿಕೊಂಡ ಸಡಗರದಲ್ಲಿದ್ದೆ. ಕಳ್ಳಮಾಲು ವಾಪಸ್ಸು ಕೊಟ್ಟೆ, ಇನ್ನು ನಾನು ಒಳ್ಳೆಯವಳು. ಗೆಳತಿಯನ್ನು ಹುಡುಕಿ ಹೇಳಿದೆ. ಕ್ಷಮಿಸು ಎಂದೂ ಕೇಳಿದೆ, ಈ ಸಲ ಕೇಳಬೇಕಾದವಳನ್ನೇ. ಆಕೆ ನಂಬದೆ ಎರಡು ಸಲ ಕೇಳಿ, ಆಮೇಲೆ ನನ್ನ ಬೆನ್ನಿಗೆ ಒಂದು ಗುದ್ದು ಕೊಟ್ಟಳು. ಸಾಕಷ್ಟು ಜೋರಾಗಿಯೇ. ನನಗೆ ಸಂತೋಷವಾಯಿತು. ಮಾವಶಿಯ ರೆಕಾರ್ಡಿಂಗನ್ನು ಅಲ್ಲೇ ಆಕೆಯ ಫೋನಿಗೆ ಕಳಿಸಿದೆ. ಎಲ್ಲ ಸರಿಹೋಯಿತೆಂದುಕೊಂಡೆ.

ಮರುವಾರ ಆಕೆ ಸಂಜೆ ನನ್ನ ಜೊತೆ ಸ್ಟೇಷನ್ ಕಡೆ ನಡೆದು ಬಂದಳು. ಎಂದೂ ಬರುವವಳಲ್ಲ, ಆಕೆಯ ಬಸ್ಸು ಬೇರೆ ದಿಕ್ಕಿಗೆ. ಗಾಂಧಿ ಗಂಜದ ಹತ್ತಿರ ತೊಗರಿ ಇಳಿಸುವ ಲಾರಿಗಳು ದಾರಿಗೆ ಅಡ್ಡ ನಿಂತಿದ್ದವು. ಚೀಲದ ದೂಳಿಗೆ ಇಬ್ಬರೂ ಸೀನಿದೆವು. ಬಾಗಿಲು ಹಾಕಿದ್ದ ಒಂದು ದಲಾಲರ ಅಡತಿ ಅಂಗಡಿಯ ಕಟ್ಟೆಯ ಮೇಲೆ ಆಕೆ ಕೂತಳು. ನಾನೂ ಕೂತೆ.

"ಆಯಿಗಿ ಕೂಡ್ರಿಸಿ ಕೇಳಿದ್ದೆ. ಹೇಳಲಿಲ್ಲ" ಎಂದಳು.

"ಏನ್ ಹೇಳಲಿಲ್ಲ?"

"ಏನೂ ಹೇಳಲಿಲ್ಲ. ಎಲ್ಲಾ ನಿನ್ನ ಗೆಳತಿಗಿ ಹೇಳೇನಲ್ಲ, ಒಂದೇ ಮಾತು ಎಷ್ಟು ಸಲ ಹೇಳ್ಲಿ, ಆಕಿ ಕಡಿಂದ ಬರ್ಕೋ ಅಂದಳು. ಮರಾಠಿದಾಗ ಕೇಳಿದೆ. ನಕ್ಕಳು. ಅಡಗಿ ಅದ ಅಂತ ಎದ್ದು ಹೋದಳು."

ಆಕೆ ಚೀಲದ ಪಟ್ಟಿಯನ್ನು ಬೆರಳಿಗೆ ಸುತ್ತಿ ಬಿಚ್ಚುತ್ತಿದ್ದಳು. "ನೀ ಕಳಿಸಿದ್ದು ಕೇಳಿದೆ. ನಾಲ್ಕನೇತ್ತ ಅಂತ ಬರ್ತದ. ಆಮ್ಯಾಲ ಬಂದ್ ಮಾಡು ಅಂತಾಳ. ಅಲ್ಲಿಗೇ ನಿಂತದ."

ನಾನು ಲಾರಿ ನೋಡುತ್ತಾ ಕೂತೆ.

"ನಾ ಈ ವಿಷಯ ಯಾಕ ಆರಿಸಿದ್ದೆ ಗೊತ್ತದೇನು?" ಎಂದು ಆಕೆ ತಾನೇ ಹೇಳಿದಳು. "ಸಾಲಿಂದ ಬರುವಾಗ ಒಂದ್ ಸಲ ಆಯಿಗಿ ನಾ ಒಂದು ಮಾತು ಅಂದಿದ್ದೆ. ಸಣ್ಣಾಕಿ ಇದ್ದೆ, ಖರೆ. ಆದ್ರ ಅಂದಿದ್ದೆ. ಅದಕ್ಕ ತಪ್ಪಾತು ಅಂತ ಹ್ಯಾಂಗ ಹೇಳೋದು? ಒಮ್ಮಿಂದೊಮ್ಮೆ ಅಡಗಿ ಮನ್ಯಾಗ ಹೋಗಿ ಹೇಳಾಕ ಬರ್ತದೇನು? ಪ್ರಾಜೆಕ್ಟ್ ಅಂತ ಕೂಡ್ರಿಸಿ ಒಂದೊಂದೇ ಕೇಳ್ಕೋತ ಹೋದ್ರ, ಆ ಮಾತು ಬಂದೇ ಬರ್ತದ, ಬಂದಾಗ ಹೇಳಿದ್ರಾತು ಅಂತ ಅನ್ಕೊಂಡಿದ್ದೆ." ನನ್ನ ಕಡೆ ತಿರುಗಿದಳು. "ಆ ಮಾತು ಬಂತೇನು?"

ಅಲ್ಲಿಯತನಕ ನಾನು ಕದ್ದದ್ದು ಒಂದು ವಿಷಯ ಎಂದುಕೊಂಡಿದ್ದೆ. ನಾಲ್ಕು ಸಾಲು ಬರೆದು ಅದನ್ನು ಹಿಂದಿರುಗಿಸಿಯೂ ಆಗಿತ್ತು. ಈಕೆಗೆ ಬೇಕಾಗಿದ್ದುದು ಅದಾಗಿರಲಿಲ್ಲ. ಒಂದು ಮಧ್ಯಾಹ್ನ ಬೇಕಾಗಿತ್ತು, ಹೊಸ ಚಾದರದ ಮೇಲೆ ತಾಯಿಯ ಎದುರು ಕೂರುವ ಒಂದು ಮಧ್ಯಾಹ್ನ. ಅಲ್ಲಿ ನಾನು ಹೋಗಿ ಕೂತು ಎದ್ದು ಬಂದಿದ್ದೆ. ಅದನ್ನು ವಾಪಸ್ಸು ಮಾಡುವುದಕ್ಕೆ ಯಾವ ಮುಖ್ಯಸ್ಥರ ಸಹಿಯೂ ನಡೆಯುವುದಿಲ್ಲ.

ಮಾವಶಿಗೆ ಕೊಟ್ಟ ಮಾತಿತ್ತು. ಹೇಳದಿದ್ದರೆ ತಾಯಿಯೇ ಮಾತೆತ್ತಲೆಂದು ಮಗಳು, ಮಗಳು ಮರೆತಿದ್ದಾಳೆಂದು ತಾಯಿ, ಒಂದೇ ಅಡುಗೆ ಮನೆಯಲ್ಲಿ ಹಾಗೆಯೇ ಇದ್ದುಬಿಡುತ್ತಾರೆ. ಹೇಳಿದರೆ ಕೊಟ್ಟ ಮಾತು ಮುರಿದಂತೆ. ಹೇಗಿದ್ದರೂ ನಡುವೆ ಸಿಕ್ಕಿಕೊಂಡವಳು ನಾನು, ಸಿಕ್ಕಿಸಿಕೊಂಡವಳೂ ನಾನೇ.

"ಬಂತು" ಎಂದೆ. ಎಲ್ಲವನ್ನೂ ಹೇಳಿದೆ. ಮಕ್ಕಳು ನಕ್ಕದ್ದು, ನಾಲ್ಕು ಹೆಜ್ಜೆ ಮುಂದೆ ನಡೆದದ್ದು, ಓಣಿಯಲ್ಲಿ ತಿರುಗಿ ಹೇಳಿದ ಮಾತು, ಬೀದರಿನ ಬಸ್ ಸ್ಟ್ಯಾಂಡಿನಲ್ಲಿ ಕೂತದ್ದು. ಆ ಕೊನೆಯದು ಆಕೆಗೆ ಗೊತ್ತಿರಲಿಲ್ಲ. ಆಯಿಗೆ ಬಸ್ಸಿನಲ್ಲಿ ತಲೆ ತಿರುಗಿತ್ತೆಂದು ಅಪ್ಪ ಹೇಳಿದ್ದನ್ನು ನಂಬಿಕೊಂಡಿದ್ದಳು. ಹಮಾಲರು ಚೀಲ ಎತ್ತುತ್ತಾ ಕೂಗುತ್ತಿದ್ದರು. ನಡುನಡುವೆ ನಾನು ದನಿ ಏರಿಸಬೇಕಾಯಿತು. ತಾಯಿ ಮಗಳಿಗೆ ಹೇಳಬೇಕಾದದ್ದನ್ನು ನಾನು ಲಾರಿಗಳ ಸದ್ದಿನಲ್ಲಿ ಕೂಗಿ ಹೇಳಿದೆ.

ಆಕೆ ಬೆರಳಿಗೆ ಸುತ್ತಿದ್ದ ಪಟ್ಟಿ ಬಿಚ್ಚಿ ಚೀಲವನ್ನು ಹೆಗಲಿಗೇರಿಸಿದಳು. ಆಮೇಲೆ ಕೇಳಿದಳು.

"ಇದೆಲ್ಲಾ ಹೇಳುವಾಗ ಅತ್ತಳೇನು?"

"ಇಲ್ಲ. ನಕ್ಕೋತ ಹೇಳಿದರು."

"ನಿನ್ನ ಮುಂದ ಕನ್ನಡದಾಗ ಹೇಳ್ಯಾಳ, ಅದಕ್ಕ ನಕ್ಕಾಳ" ಎಂದಳು ಆಕೆ. "ನನ್ನ ಮುಂದ ಮರಾಠಿದಾಗ ಹೇಳಿದ್ರ ಅಳ್ತಿದ್ದಳು."